ಹದಿನೇಳನೇ ತಕರಾರು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕೆಂಡ ಎಂದೇ ಕರೆಯುತ್ತಿದ್ದರು. ಒಮ್ಮೆ ಊದಿದರೆ ಸಾಕು, ಕಿವಿಯ ತುದಿಯವರೆಗೂ ಕೆಂಪಾಗುವವನಿಗೆ ಬೇರೆ ಏನೆಂದು ಹೆಸರಿಡುವುದು. ಎಂಟನೇ ತರಗತಿಯ ನಡುವೆಯೇ ಶಾಲೆಗೆ ಬೆನ್ನು ತಿರುಗಿಸಿ, ಹದಿಮೂರು ವರ್ಷ ಕಂಡಕಂಡವರ ಹಿಂದೆ ಟೂಲ್ ಬ್ಯಾಗ್ ಹೊತ್ತು, ಬೈಗುಳ ತಿಂದು, ಕೈ ಸುಟ್ಟುಕೊಂಡು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆದವನು. ಅವನ ಕೈ ಕೆಲಸವನ್ನು ನೋಡಿದವರು ತಲೆದೂಗುತ್ತಿದ್ದರು. ಆದರೆ ಕೆಲಸ ಮುಗಿದ ಮೇಲೆ ಕಾಗದದ ಮೇಲೆ ಸಹಿ ಹಾಕುವ ಹೊತ್ತಿಗೆ ಪೆನ್ನು ಮಾತ್ರ ಬೇರೆಯವರ ಕೈಗೆ ಹೋಗುತ್ತಿತ್ತು. ಸಹಿ ಹಾಕಲು ಸರ್ಟಿಫಿಕೇಟು ಬೇಕು. ಇವನಲ್ಲಿ ಇದ್ದದ್ದು ಬೆರಳು ಮಾತ್ರ.

ಆ ಪೆನ್ನು ಅವನ ಕೈಗೆ ಬಂದದ್ದು ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟಿಕೊಡುವ ಪ್ಯಾನೆಲ್ ಅಂಗಡಿಯಲ್ಲಿ.

ಇವರದು ಬಣ್ಣಕ್ಕೆ ಬೇಕಾದ ರಾಳ ಬೇಯಿಸುವ ಕಾರ್ಖಾನೆ. ಎ, ಬಿ ಅಂತ ಮೂರು ಅಂತಸ್ತಿನ ಎತ್ತರದ ಎರಡು ಕೆಟಲ್, ಮುಚ್ಚಿದ ಉಕ್ಕಿನ ಹಂಡೆಗಳು. ಹೊರಗಿನ ಜಾಕೆಟ್ಟಿನಲ್ಲಿ ಬಿಸಿ ಎಣ್ಣೆ ಹರಿಸಿ ಒಳಗಿನ ಸರಕನ್ನು ಇನ್ನೂರ ಇಪ್ಪತ್ತು ಡಿಗ್ರಿಗೆ ಕಾಯಿಸಬೇಕು. ಸ್ವಲ್ಪ ಹೆಚ್ಚಾದರೆ ಹೊಗೆ, ಇನ್ನೂ ಹೆಚ್ಚಾದರೆ ಬೆಂಕಿ. ಬೆಂಕಿ ಬೀಳದಿದ್ದರೂ ರಾಳ ಒಳಗೇ ಕಲ್ಲಾಗಿ ಕೂರುತ್ತದೆ, ಆಮೇಲೆ ಉಳಿ ಹಿಡಿದು ತಿಂಗಳುಗಟ್ಟಲೆ ಕೆತ್ತಬೇಕು. ಹಳೆಯ ಕಂಟ್ರೋಲ್ ಪ್ಯಾನೆಲ್ಲಿನ ಕಾಲದಲ್ಲಿ ಒಮ್ಮೆ ಹಾಗಾಗಿತ್ತು. ಅದಕ್ಕೇ ಈಗ ಎಲ್ಲವೂ ಹೊಸದು. ಹೊಸ ಕಂಪ್ಯೂಟರ್, ಹೊಸ ಕ್ಯಾಬಿನೆಟ್ಟು, ಹೊಸ ಸೆನ್ಸರ್, ಹೊಸ ವಾಲ್ವು.

ಅಷ್ಟು ದೊಡ್ಡ ವ್ಯವಸ್ಥೆಯನ್ನು ಕಟ್ಟಿದವರ ಮಾತು ನಂಬಿ ಲಾರಿಗೇರಿಸಿ ತರುವುದಿಲ್ಲ. ಕಟ್ಟಿದ ಜಾಗದಲ್ಲೇ, ಕೊಳ್ಳುವವರ ಎದುರಿಗೇ, ಒಂದೊಂದು ತಂತಿಯನ್ನೂ ಪರೀಕ್ಷಿಸಿ ತೋರಿಸಬೇಕು. ಎಫ್‌ಎಟಿ ಅನ್ನುತ್ತಾರೆ ಅದಕ್ಕೆ. ನೋಡಿ ಬರಲು, ಹೊಸ ಯಂತ್ರಗಳನ್ನು ಚಾಲೂ ಮಾಡಿಸುವ ಕಮಿಷನಿಂಗ್ ಮುಖ್ಯಸ್ಥೆ ಹೊರಟರು. ಎಲ್ಲರ ಬಾಯಲ್ಲೂ ಅವರು ಬರೀ ಮೇಡಂ. ಜೊತೆಗೆ ಎಂಜಿನಿಯರ್ ಒಬ್ಬ. ಕೆಲಸಕ್ಕೆ ಸೇರಿದ ಮೊದಲ ದಿನ ಕಾರ್ಖಾನೆಗೆ ಕೊರಳಪಟ್ಟಿ ಕಟ್ಟಿಕೊಂಡು ಬಂದಿದ್ದ ಪುಣ್ಯಾತ್ಮ, ಅಂದಿನಿಂದ ಅವನ ಹೆಸರು ಟೈ. ತಂತಿ ಬಿಚ್ಚಿ ಕಟ್ಟುವ ಕೆಲಸಕ್ಕೆ ಅಂತ ಕೆಂಡ.

ಪ್ಯಾನೆಲ್ ಅಂಗಡಿಯ ಹಾಲ್ ಅಂದರೆ ಆಸ್ಪತ್ರೆಯ ವಾರ್ಡಿನಷ್ಟು ಸ್ವಚ್ಛ. ಸಾಲಾಗಿ ಆರು ಕ್ಯಾಬಿನೆಟ್ಟು, ಬಾಗಿಲು ತೆರೆದರೆ ಬಾಚಿ ಜಡೆ ಹಾಕಿದಂಥ ತಂತಿಗಳು, ಪ್ರತಿ ತಂತಿಗೂ ಪುಟ್ಟ ಹೆಸರಿನ ಚೀಟಿ. ಕೆಂಡ ಮೊದಲ ದಿನ ಬಾಗಿಲ ಮುಂದೆ ನಿಂತವನು ಐದು ನಿಮಿಷ ಅಲ್ಲಾಡಲಿಲ್ಲ.

"ಹುಡುಗಿ ನೋಡೋಕೆ ಬಂದೋನ ಥರ ನಿಂತಿದೀಯಲ್ಲೋ," ಅಂದ ಟೈ.

"ಹುಡುಗಿ ಆದ್ರೆ ಇಷ್ಟು ಹತ್ತಿರದಿಂದ ನೋಡೋಕೆ ಬಿಡ್ತಾರಾ ಸಾರ್," ಅಂದ ಕೆಂಡ.

ಪರೀಕ್ಷೆ ಸರಳ. ಅಲ್ಲಿ ಕೆಟಲ್ಲೂ ಇಲ್ಲ, ಸೆನ್ಸರೂ ಇಲ್ಲ. ಸೆನ್ಸರ್ ಕಳಿಸಬೇಕಾದ ಕರೆಂಟನ್ನು ಕೈಯಲ್ಲಿ ಹಿಡಿಯುವ ಕ್ಯಾಲಿಬ್ರೇಟರ್ ಅನ್ನುವ ಡಬ್ಬಿಯಿಂದ ಕೊಡಬೇಕು. ನಾಲ್ಕು ಮಿಲಿಆಂಪ್ ಕೊಟ್ಟರೆ ಸ್ಕ್ರೀನಿನ ಮೇಲೆ ಸೊನ್ನೆ ಡಿಗ್ರಿ, ಹನ್ನೆರಡು ಕೊಟ್ಟರೆ ನೂರ ಐವತ್ತು, ಇಪ್ಪತ್ತು ಕೊಟ್ಟರೆ ಮುನ್ನೂರು. ಬಂತಾ, ಬಂತು. ಟಿಕ್. ಮುಂದಿನದು. ಪ್ಯಾನೆಲ್ ಅಂಗಡಿಯ ಎಂಜಿನಿಯರ್ ಹಾಡಿನಂತೆ ಓದುತ್ತಿದ್ದ, ಟೈ ಟಿಕ್ ಹಾಕುತ್ತಿದ್ದ, ಮೇಡಂ ಕೈಕಟ್ಟಿ ನೋಡುತ್ತಿದ್ದರು. ಎರಡನೇ ದಿನದ ಮಧ್ಯಾಹ್ನ ಎ ಕೆಟಲ್ಲಿನ ತಾಪಮಾನದ ಸರದಿ. ಹನ್ನೆರಡು ಮಿಲಿಆಂಪ್, ಸ್ಕ್ರೀನಿನಲ್ಲಿ ನೂರ ಐವತ್ತು. ಟೈ ಟಿಕ್ ಹಾಕುವಷ್ಟರಲ್ಲಿ ಕೆಂಡ ಸುಮ್ಮನಿರಲಾರದೆ ಒಂದು ತಂತಿಯನ್ನು ಟರ್ಮಿನಲ್‌ನಿಂದ ಎತ್ತಿಬಿಟ್ಟ.

ಸ್ಕ್ರೀನಿನಲ್ಲಿ ನೂರ ಐವತ್ತು ಹಾಗೇ ಇತ್ತು.

ಕೆಂಡ ಕಾದ. ಹತ್ತು ಸೆಕೆಂಡು, ಮೂವತ್ತು ಸೆಕೆಂಡು. ನೂರ ಐವತ್ತು ಕಣ್ಣು ಮಿಟುಕಿಸಲಿಲ್ಲ.

"ಇದೇನಿದು," ಅಂದ.

"ಕೊನೇ ಸರಿಯಾದ ವ್ಯಾಲ್ಯೂನ ಹಿಡ್ಕೊಂಡಿರುತ್ತೆ," ಅಂದ ಅಂಗಡಿಯ ಎಂಜಿನಿಯರ್, ಮಗುವಿಗೆ ಹೇಳುವ ದನಿಯಲ್ಲಿ. "ಸೆಟ್ಟಿಂಗ್ ಹಾಗಿದೆ. ಸಣ್ಣಪುಟ್ಟ ಅಡಚಣೆಗೆಲ್ಲ ಪ್ಲಾಂಟು ನಿಲ್ಲಬಾರದಲ್ಲ."

"ಅಂದ್ರೆ ಅಲ್ಲಿ ತಂತಿ ಹರಿದಿದೆ, ಕೆಟಲ್ಲು ಮುನ್ನೂರಕ್ಕೆ ಹೋಗ್ತಾ ಇದೆ. ಇಲ್ಲಿ ಇದು ನೂರ ಐವತ್ತು, ಎಲ್ಲ ಚೆನ್ನಾಗಿದೆ ಅಂತ ಸುಳ್ಳು ಹೇಳ್ತಾ ಕೂತಿರುತ್ತೆ. ಅದೇ ತಾನೇ."

"ನೋಡಿ, ನಿಮ್ಮ ಸ್ಪೆಸಿಫಿಕೇಶನ್‌ನಲ್ಲಿ ಇದರ ಬಗ್ಗೆ ಏನೂ ಬರೆದಿಲ್ಲ."

ಟೈ ಕೂಡ ಕೆಂಡನ ಮೊಣಕೈ ಹಿಡಿದು ಎಳೆದ. "ಬಿಡೋ. ಬರೆದಿಲ್ಲ ಅದು. ಸೆಟ್ಟಿಂಗ್ ಬದಲಾಯಿಸಿದ್ರೆ ತೊಂಬತ್ತಾರು ಸಿಗ್ನಲ್ಲೂ ಮೊದಲಿಂದ ನೋಡಬೇಕು. ಎರಡು ದಿನ ಹೋಗುತ್ತೆ."

ಅಲ್ಲಿಗೆ ಊದಿದಂತಾಯಿತು. "ನಾನು ಸ್ಪೆಸಿಫಿಕೇಶನ್ ಓದಿದೋನಲ್ಲ ಸಾರ್, ನಂಗೆ ಅದು ಅರ್ಥವೂ ಆಗಲ್ಲ," ಅಂದ ಕೆಂಡ, ಕಿವಿ ಕೆಂಪಾಗಿ. "ಇದರ ಮುಂದೆ ಕೂರೋದು ನಮ್ಮಕ್ಕ. ಪ್ಯಾನೆಲ್ ಆಪರೇಟರು. ಅವಳು ಕಣ್ಣಿಟ್ಟು ನೋಡೋದು ಇದೇ ನಂಬರನ್ನ. ಸತ್ತ ನಂಬರನ್ನ ಬದುಕಿದೆ ಅಂತ ತೋರಿಸಿದ್ರೆ ಅವಳೇನು ಮಾಡಬೇಕು. ಬರೆದಿಲ್ಲ ಅಂತೀರಿ. ಈಗ ಬರೀರಿ."

ಮೇಡಂ ಕಟ್ಟಿದ ಕೈ ಬಿಚ್ಚಿದರು.

"ತಂತಿ ಬಿಚ್ಚಿ ನೋಡಬೇಕು ಅಂತ ನಿಂಗ್ಯಾಕೆ ಅನ್ನಿಸ್ತು?"

"ನಮ್ಮ ಪ್ಲಾಂಟಲ್ಲಿ ತಂತಿಗಳು ಹೇಳಿ ಕೇಳಿ ಹರಿಯಲ್ಲ ಮೇಡಂ."

ಮೇಡಂ ನಗಲಿಲ್ಲ. ಬಾಕಿ ತಕರಾರುಗಳ ಪಟ್ಟಿಯಲ್ಲಿ ಆವರೆಗೆ ಹದಿನಾರಿದ್ದವು: ಬಣ್ಣ ಕಿತ್ತುಹೋಗಿದೆ, ಚೀಟಿ ತಲೆಕೆಳಗಾಗಿದೆ, ಇಂಥವು. ಅವರೇ ಪೆನ್ನು ತೆಗೆದು ಹದಿನೇಳನೆಯದನ್ನು ಬರೆದರು. ಯಾವುದೇ ಸೆನ್ಸರಿನ ತಂತಿ ಹರಿದರೆ ಅದರ ನಂಬರು ಗುಲಾಬಿ ಬಣ್ಣಕ್ಕೆ ತಿರುಗಿ 'ಬ್ಯಾಡ್' ಎಂದು ತೋರಿಸಬೇಕು, ಹಾರ್ನ್ ಹೊಡೆಯಬೇಕು, ಕೆಟಲ್ಲಿನ ತಾಪಮಾನವಾದರೆ ಬಿಸಿ ಎಣ್ಣೆಯ ವಾಲ್ವು ತಾನಾಗಿ ಮುಚ್ಚಬೇಕು. ತೊಂಬತ್ತಾರನ್ನೂ ಮೊದಲಿಂದ ನೋಡಬೇಕು. ಪಟ್ಟಿಯ ಕೊನೆಗೆ "ಕಂಡುಹಿಡಿದವರು" ಎಂಬ ಖಾನೆ ಇತ್ತು. ಪೆನ್ನನ್ನು ಕೆಂಡನ ಕಡೆ ಚಾಚಿದರು.

"ನಾನಾ," ಅಂದ.

"ಇನ್ಯಾರು. ಹಾಕು."

ಎರಡು ದಿನ ಹೆಚ್ಚಿಗೆ ಹಿಡಿಯಿತು. ತೊಂಬತ್ತಾರು ಸಲ ಕೆಂಡ ತಂತಿ ಎತ್ತಿದ, ತೊಂಬತ್ತಾರು ಸಲ ಹಾರ್ನ್ ಹೊಡೆಯಿತು. ಅಂಗಡಿಯ ಎಂಜಿನಿಯರ್ ಕಿವಿಗೆ ಹತ್ತಿ ತುರುಕಿಕೊಂಡ. ಕೆಂಡನಿಗೆ ಅದು ವಾದ್ಯದಂತೆ ಕೇಳುತ್ತಿತ್ತು. ಹೊರಡುವ ದಿನ ಮೇಡಂ ಟೈ ಎದುರಿಗೇ ಹೇಳಿದರು: "ಸೈಟಿನಲ್ಲಿ ಲೂಪ್ ಚೆಕ್ ಮಾಡೋವಾಗ ನಿನ್ನ ಹಾಳೆಗೆ ನೀನೇ ಸಹಿ ಹಾಕು. ನಾನು ಮೇಲಿನವರ ಹತ್ರ ಮಾತಾಡ್ತೀನಿ."

ಅವತ್ತು ಮನೆಗೆ ಬಂದವನು ಹಳೆ ಕ್ಯಾಲೆಂಡರಿನ ಹಿಂದುಗಡೆ ಸಹಿ ಅಭ್ಯಾಸ ಮಾಡಿದ. ಅಮ್ಮ ಸೊಪ್ಪು ಬಿಡಿಸುತ್ತ ನೋಡಿದಳು. "ನೀನೇನು ಬ್ಯಾಂಕಿನ ಮ್ಯಾನೇಜರಾ, ಸಹಿಗೆ ಇಷ್ಟುದ್ದ ಬಾಲ ಎಳೀತಾ ಇದೀಯಲ್ಲ." ಅಕ್ಕ ಕ್ಯಾಲೆಂಡರ್ ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದಳು. "ಬಾಲ ಇರಲಿ ಬಿಡಮ್ಮ. ಅದಿದ್ರೆ ತಾನೇ ನಮ್ಮನೇದು ಅಂತ ಗೊತ್ತಾಗೋದು."

*

ಸೈಟಿನಲ್ಲಿ ಕ್ಯಾಬಿನೆಟ್ಟುಗಳು ಬಂದು ನಿಂತು, ಕೇಬಲ್ಲುಗಳನ್ನೆಲ್ಲ ಎಳೆದು ಮುಗಿಸಿದ ಮೇಲೆ ಲೂಪ್ ಚೆಕ್ ಶುರುವಾಯಿತು. ಪ್ಯಾನೆಲ್ ಅಂಗಡಿಯಲ್ಲಿ ನೋಡಿದ್ದು ಬರೀ ಮಿದುಳನ್ನು. ಈಗ ನರಗಳ ಸರದಿ. ಕೆಟಲ್ಲಿನ ನೆತ್ತಿಯಲ್ಲಿ ಕೂತ ಸೆನ್ಸರ್, ಅಲ್ಲಿಂದ ಇಳಿದು ಬರುವ ಕೇಬಲ್, ನೆಲದ ಮಟ್ಟದಲ್ಲಿ ಗೋಡೆಗೆ ಬಿಗಿದ ಜಂಕ್ಷನ್ ಬಾಕ್ಸು, ಅಲ್ಲಿಂದ ಕ್ಯಾಬಿನೆಟ್ಟು, ಕೊನೆಗೆ ಸ್ಕ್ರೀನು. ಈ ಇಡೀ ದಾರಿ ಸರಿಯಿದೆಯೇ, ಒಂದರ ಸುದ್ದಿ ಇನ್ನೊಂದರ ಹೆಸರಿನಲ್ಲಿ ಬರುತ್ತಿಲ್ಲವೇ ಅಂತ ಒಂದೊಂದನ್ನೂ ನೋಡಬೇಕು. ವಾಲ್ವು, ಸ್ವಿಚ್ಚು, ಮೋಟರುಗಳನ್ನೂ ಸೇರಿಸಿ ಇಂಥ ಇನ್ನೂರ ಅರವತ್ತು ಲೂಪು. ಹೊರಗೆ ಒಬ್ಬ, ಸ್ಕ್ರೀನಿನ ಮುಂದೆ ಒಬ್ಬರು, ನಡುವೆ ವಾಕಿಟಾಕಿ.

ಸ್ಕ್ರೀನಿನ ಮುಂದೆ ಅಕ್ಕ. ಹೊರಗೆ ಎರಡು ತಂಡ: ಒಂದು ಕೆಂಡನದು, ಇನ್ನೊಂದು ಟೈನದು.

"ಪ್ಯಾನೆಲ್, ಪ್ಯಾನೆಲ್, ಎಣ್ಣೆ ವಾಲ್ವಿಗೆ ಇಪ್ಪತ್ತೈದು ಪರ್ಸೆಂಟ್ ಕೊಡಿ."

"ಕೊಟ್ಟೆ."

"ಕಾಲು ಭಾಗ ತೆರೀತು. ಐವತ್ತು."

"ಕೊಟ್ಟೆ. ಬೇಗ ನೋಡಪ್ಪ, ಬೆನ್ನು ಹಿಡ್ಕೊಂಡಿದೆ."

"ಪ್ಯಾನೆಲ್‌ನೋರು ಮನೆ ವಿಷಯ ಚಾನೆಲ್‌ನಲ್ಲಿ ಮಾತಾಡಬಾರದು."

"ಮನೆಗೆ ಬಾ, ಆಮೇಲೆ ಹೇಳ್ತೀನಿ ಯಾರು ಏನು ಮಾತಾಡಬಾರದು ಅಂತ."

ಕಂಟ್ರೋಲ್ ರೂಮಿನ ಗೋಡೆಯ ಬಿಳಿ ಬೋರ್ಡಿನಲ್ಲಿ ದಿನದ ಲೆಕ್ಕ ಬರೆಯುತ್ತಿದ್ದರು. ಟೈ ಇಪ್ಪತ್ತೆರಡು, ಕೆಂಡ ಇಪ್ಪತ್ತೊಂದು. ಕೆಂಡ ಇಪ್ಪತ್ತಾರು, ಟೈ ಇಪ್ಪತ್ತೇಳು. ಬರೆಯಲು ಹೇಳಿದವರು ಯಾರೂ ಇಲ್ಲ, ಬೇಡ ಅಂದವರೂ ಇಲ್ಲ. ಆ ಬೋರ್ಡು ಕೆಂಡನ ಕಣ್ಣಿಗೆ ಮುಳ್ಳು. ಒಂದು ದಿನ ಟೈ ಚಹಾ ಹೀರುತ್ತ ಅಂದ: "ಅನುಭವ ಏನೋ ಸರಿ ಕಣೋ. ಆದರೆ ಓದಿದೋನ ವೇಗ ಬೇರೆ."

ಮರುದಿನ ಕೆಂಡ ಮೂವತ್ತೆಂಟು ಲೂಪ್ ಮುಗಿಸಿದ.

ಹೇಗೆ ಮುಗಿಸಿದ ಅನ್ನುವುದು ಅವನೊಬ್ಬನಿಗೇ ಗೊತ್ತು. ಅವತ್ತಿನ ಪಟ್ಟಿಯಲ್ಲಿ ಕೆಟಲ್ಲುಗಳ ನೆತ್ತಿಯ ಮೇಲಿನ ಹನ್ನೆರಡು ಲೂಪು ಇದ್ದವು. ಒಂದೊಂದಕ್ಕೂ ಬೆಲ್ಟು ಬಿಗಿದು ಏಣಿ ಹತ್ತಬೇಕು, ಸೆನ್ಸರಿನ ತಲೆಯ ಮುಚ್ಚಳ ಬಿಚ್ಚಿ ಅಲ್ಲಿಂದ ಕರೆಂಟು ಕೊಡಬೇಕು. ಕೆಂಡ ಹತ್ತಲಿಲ್ಲ. ಕೆಳಗೆ ಜಂಕ್ಷನ್ ಬಾಕ್ಸಿನ ಮುಂದೆ ಬಕೆಟ್ ಬೋರಲು ಹಾಕಿ ಕೂತು, ಹನ್ನೆರಡಕ್ಕೂ ಅಲ್ಲಿಂದಲೇ ಕರೆಂಟು ಕೊಟ್ಟ. ಬಾಕ್ಸಿನಿಂದ ಸ್ಕ್ರೀನಿನವರೆಗೆ ಎಲ್ಲ ಸರಿಯಿತ್ತು. ಬಾಕ್ಸಿನಿಂದ ಮೇಲಕ್ಕೆ ಏನಿದೆ ಅನ್ನುವುದಕ್ಕೆ ಆಧಾರ ಕೇಬಲ್ಲಿನ ಚೀಟಿಯ ಮೇಲೆ ಬರೆದದ್ದಷ್ಟೇ.

ನಡುವೆ ಒಮ್ಮೆ ಅಕ್ಕ ಕೇಳಿದ್ದಳು. "ಫೀಲ್ಡ್, ಎಲ್ಲಿಂದ ಕೊಡ್ತಾ ಇದೀಯ?"

"ಮೇಲಿಂದ."

"ಗಾಳಿ ಸದ್ದೇ ಕೇಳ್ತಿಲ್ಲವಲ್ಲ."

"ಇವತ್ತು ಗಾಳಿ ಇಲ್ಲ."

"ಸರಿ. ಮುಂದಿನದು."

ಸಂಜೆ ಬೋರ್ಡಿನಲ್ಲಿ ಮೂವತ್ತೆಂಟು ಎಂದು ಬರೆದಾಗ ಟೈ ಎರಡು ಸಲ ಓದಿ ನೋಡಿದ. ಕೆಂಡ ಮೂವತ್ತೆಂಟು ಹಾಳೆಗೂ ಬಾಲದ ಸಹಿ ಹಾಕಿದ. ಪಕ್ಕದ ಖಾನೆಯಲ್ಲಿ ಅಕ್ಕ ಹಾಕಿದಳು, ತಮ್ಮನ ಮಾತು ನಂಬಿ.

*

ಕೆಟಲ್ಲನ್ನು ಮೊದಲ ಸಲ ಚಾಲೂ ಮಾಡುವ ಸ್ಟಾರ್ಟಪ್ಪಿನ ದಿನ ಬೆಳಗ್ಗೆ ಏಳೂವರೆಗೇ ಕಂಟ್ರೋಲ್ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಡಂ ಹೊಸ ಶೂ ಹಾಕಿಕೊಂಡು ಬಂದಿದ್ದರು. ಟೈ ನಿಜವಾಗಿಯೂ ಟೈ ಕಟ್ಟಿಕೊಂಡು ಬಂದಿದ್ದ. ಯಾರೂ ನಗದೇ ಇದ್ದದ್ದಕ್ಕೆ ಅವನಿಗೇ ಬೇಜಾರು. ಒಂಬತ್ತಕ್ಕೆ ಮೇಡಂ ಸ್ಟಾರ್ಟ್ ಹಾಳೆಗೆ ಸಹಿ ಹಾಕುತ್ತಾರೆ, ಹತ್ತಕ್ಕೆ ಎ ಕೆಟಲ್ಲಿಗೆ ಸರಕು ಬೀಳುತ್ತದೆ, ಬಿಸಿ ಎಣ್ಣೆ ಹರಿಯುತ್ತದೆ. ಬಿ ಕೆಟಲ್ಲಿನ ಸರದಿ ಮುಂದಿನ ವಾರ. ಕೆಂಡ ಬೆಳಗಿನಿಂದ ಕೂತಲ್ಲಿ ಕೂತಿರಲಿಲ್ಲ. ಇಷ್ಟು ದೊಡ್ಡ ಯಂತ್ರ ಮೊದಲ ಸಲ ಉಸಿರಾಡುವುದನ್ನು ನೋಡುವುದಿದೆಯಲ್ಲ, ಅದರ ಮುಂದೆ ಉಳಿದ ಸಡಗರವೆಲ್ಲ ಸಪ್ಪೆ. ಅದರ ಹಾಳೆಗಳ ಮೇಲೆ ತನ್ನ ಬಾಲ ಬೇರೆ.

ಅಕ್ಕ ಕುರ್ಚಿಯಲ್ಲಿ ಕೂತು ಸ್ಕ್ರೀನಿನಲ್ಲಿ ರಾತ್ರಿಯಿಂದ ಬೆಳಗಿನವರೆಗಿನ ತಾಪಮಾನದ ಗೆರೆಗಳನ್ನು ಹಿಂದಕ್ಕೆ ಮುಂದಕ್ಕೆ ಎಳೆದು ನೋಡುತ್ತಿದ್ದಳು. ಕೆಂಡ ಅವಳ ಹಿಂದೆ ಚಹಾ ಲೋಟ ಹಿಡಿದು ನಿಂತ.

"ನೋಡೋ," ಅಂದಳು, ಬೆರಳಿಟ್ಟು. "ಎ ಕೆಟಲ್ಲಿಗೆ ಇವತ್ತು ತನ್ನ ಮದುವೆ ಅಂತ ಗೊತ್ತಾಗಿದೆ. ಆರೂ ಮುಕ್ಕಾಲಿಂದ ತಾನೇ ಮೈ ಬಿಸಿ ಮಾಡ್ಕೊಳ್ತಿದೆ. ಇಪ್ಪತ್ತನಾಲ್ಕಿತ್ತು, ಈಗ ಇಪ್ಪತ್ತೇಳು."

"ಬಿ?"

"ಬಿ ಇನ್ನೂ ಮಲಗಿದೆ. ಇಪ್ಪತ್ತನಾಲ್ಕು."

ಕೆಂಡ ನಕ್ಕು ಕಿಟಕಿಯಿಂದ ಹೊರಗೆ ನೋಡಿದ. ಕಂಟ್ರೋಲ್ ರೂಮಿನ ಕಿಟಕಿಗೆ ಎರಡೂ ಕೆಟಲ್ಲುಗಳ ನೆತ್ತಿ ಕಾಣುತ್ತದೆ. ಇನ್ನೂ ಹೊದಿಕೆ ಹಾಕದ ಬರೀ ಉಕ್ಕಿನ ಗುಮ್ಮಟಗಳು. ಎಳೆಬಿಸಿಲು ಒಂದರ ಮೇಲೆ ಬಿದ್ದು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಇನ್ನೊಂದು ಅದರ ನೆರಳಿನಲ್ಲಿ ಮಂಕಾಗಿತ್ತು.

ಹೊಳೆಯುತ್ತಿದ್ದದ್ದು ಬಿ.

ಲೋಟವನ್ನು ಕಿಟಕಿಯ ಅಂಚಿನಲ್ಲಿಟ್ಟ. ಮತ್ತೆ ನೋಡಿದ. ಗುಮ್ಮಟದ ಪಕ್ಕದಲ್ಲಿ ಆಳೆತ್ತರದ ಅಕ್ಷರ ಬರೆದಿತ್ತು, ತಪ್ಪು ಓದುವ ಹಾಗಿಲ್ಲ. ಬಿಸಿಲು ಕಾಯಿಸುತ್ತಿರುವುದು ಬಿ ಕೆಟಲ್ಲನ್ನು, ಸ್ಕ್ರೀನಿನಲ್ಲಿ ಏರುತ್ತಿರುವುದು ಎ.

ನೀರು ತುಂಬಿಸಿ ಟ್ರಯಲ್ ಮಾಡಿದಾಗ ಗೊತ್ತಾಗಲಿಲ್ಲವಲ್ಲ ಅಂತ ಮನಸ್ಸು ವಾದ ಮಾಡಿತು. ಹೇಗೆ ಗೊತ್ತಾಗಬೇಕು, ಅವತ್ತು ಎರಡನ್ನೂ ಒಟ್ಟಿಗೇ ಕಾಯಿಸಿದ್ದರು. ಎರಡು ಗೆರೆಯೂ ಅವಳಿ ಮಕ್ಕಳ ಹಾಗೆ ಜೊತೆಜೊತೆಗೆ ಏರಿದ್ದವು.

ಇವತ್ತು ಎ ಒಂದನ್ನೇ ಕಾಯಿಸುತ್ತಾರೆ. ಎಣ್ಣೆ ಎ ಕೆಟಲ್ಲಿಗೆ ಹರಿಯುತ್ತದೆ. ಸ್ಕ್ರೀನು ಎ ಎಂದು ತೋರಿಸುವುದು ಖಾಲಿ ಬಿ ಕೆಟಲ್ಲಿನ ಇಪ್ಪತ್ತೇಳನ್ನು. ಇನ್ನೂ ಕಾದಿಲ್ಲ ಅಂತ ಕಂಪ್ಯೂಟರ್ ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಒಳಗೆ ಇನ್ನೂರ ಇಪ್ಪತ್ತು, ಇನ್ನೂರ ಅರವತ್ತು. ಇನ್ನೂರ ನಲವತ್ತು ದಾಟಿದರೆ ಎಣ್ಣೆ ನಿಲ್ಲಿಸಬೇಕಾದ ಟ್ರಿಪ್ ಕೂಡ ಅದೇ ತಂತಿಯ ಮೇಲೆ. ಅದು ಓಡಿಹೋಗಿ ಮುಚ್ಚುವುದು ಬಿ ಕೆಟಲ್ಲಿನ ವಾಲ್ವನ್ನು, ಮೊದಲೇ ಮುಚ್ಚಿರುವುದನ್ನು. ಖಾಲಿ ಬಿ ಯಾಕೆ ಏರುತ್ತಿದೆ ಅಂತ ಅಕ್ಕ ಕೇಳಿದರೆ, ಸೆನ್ಸರ್ ಕೆಟ್ಟಿರಬೇಕು ಅನ್ನುತ್ತಾರೆ. ಹಾಳೆ ತೆಗೆದು ತೋರಿಸುತ್ತಾರೆ: ನಿಮ್ಮ ತಮ್ಮನೇ ನೋಡಿ ಸಹಿ ಹಾಕಿದ್ದಾನಲ್ಲ.

"ಅಕ್ಕಾ," ಅಂದ ಮೆಲ್ಲಗೆ. "ಎರಡರ ವಾಲ್ವೂ ಮ್ಯಾನುಯಲ್‌ಗೆ ಹಾಕು. ಸೊನ್ನೆ ಇಡು. ನಾನು ಮೇಲೆ ಹೋಗಿ ಬರ್ತೀನಿ."

"ಯಾಕೆ?"

"ಚಾನೆಲ್ ಎರಡಕ್ಕೆ ಬಾ."

ಪರ್ಮಿಟ್ ಬರೆಸಿ, ಗ್ಯಾಸ್ ಮೀಟರ್ ಹಿಡಿಸಿ ನೋಡಿಸಿ, ಬೆಲ್ಟು ಬಿಗಿದು ಏಣಿ ಹತ್ತಿದ. ತನ್ನನ್ನು ತಾನೇ ಬೈದುಕೊಂಡ, ಟೈಗೆ ಹೇಳಲು ಅಂತ ಎತ್ತಿಟ್ಟಿದ್ದ ಬೈಗುಳಗಳೆಲ್ಲ ಖರ್ಚಾದವು. ಮೂರನೇ ಅಂತಸ್ತಿನಲ್ಲಿ ಗಾಳಿ ಕಪಾಳಕ್ಕೆ ಹೊಡೆಯಿತು. ಎ ಕೆಟಲ್ಲಿನ ಸೆನ್ಸರಿನ ಮುಚ್ಚಳ ತಿರುಗಿಸಿ ತೆಗೆದ.

"ಪ್ಯಾನೆಲ್. ಎ ಕೆಟಲ್ಲಿನ ತಂತಿ ಎತ್ತುತಾ ಇದೀನಿ. ಯಾವುದು ಹೋಗುತ್ತೆ ಹೇಳು."

"ಎ ತಾನೇ ಹೋಗಬೇಕು."

ಎತ್ತಿದ. ಕೆಳಗೆ ಎಲ್ಲೋ, ಗಾಜಿನ ಆಚೆ, ಹಾರ್ನ್ ಕೂಗಿತು. ತಾನು ಜಗಳವಾಡಿ ತಂದ ಹಾರ್ನ್, ಹದಿನೇಳನೇ ತಕರಾರು. ವಾಕಿಟಾಕಿಯಲ್ಲಿ ಅಕ್ಕನ ಉಸಿರು ಕೇಳಿಸಿತು.

"ಬಿ ಗುಲಾಬಿ ಆಯ್ತು," ಅಂದಳು. "ಬಿ ಬ್ಯಾಡ್. ಎ ಇಪ್ಪತ್ತೇಳರಲ್ಲೇ ಇದೆ."

"ಮೇಲಿಂದ ಬರೋ ಕೇಬಲ್ಲಿಗೆ ಚೀಟಿ ಅದಲು ಬದಲು ಕಟ್ಟಿದಾರೆ."

"ಅವತ್ತು ನೀನು ಮೇಲಿಂದ ನೋಡಿದ್ಯಲ್ಲ."

ಕೆಂಡ ಗುಂಡಿ ಒತ್ತಿ ಹಿಡಿದ. ಗಾಳಿ ವಾಕಿಟಾಕಿಯ ಬಾಯೊಳಗೆ ಹೊಕ್ಕು ಬರ್ರೆಂದು ಸದ್ದು ಮಾಡುತ್ತಿತ್ತು. ಆ ಸದ್ದೇ ಅವಳಿಗೆ ಉತ್ತರ ಹೇಳಿತು.

"ನಂಗೆ ಅವತ್ತೇ ಅನ್ನಿಸಿತ್ತು," ಅಂದಳು. ಆಮೇಲೆ ದನಿ ತಗ್ಗಿಸಿದಳು. "ಕೇಳು. ಇಲ್ಲಿ ಹಾರ್ನ್ ಯಾಕೆ ಅಂತ ಕೇಳಿದ್ರು, ನನ್ನ ತಮ್ಮ ಸುಮ್ನೆ ಟೆಸ್ಟ್ ಮಾಡ್ತಿದಾನೆ ಅಂದೆ. ಕೆಳಗೆ ಬಾಕ್ಸಲ್ಲಿ ನಾಲ್ಕು ಸ್ಕ್ರೂ ಬಿಚ್ಚಿ ಕಟ್ಟೋ ಕೆಲಸ. ಕಟ್ಟಿ ಬಾ. ನಾನೇನೂ ನೋಡಿಲ್ಲ."

ನಾಲ್ಕು ಸ್ಕ್ರೂ. ಐದು ನಿಮಿಷ. ಸಹಿ ಉಳಿಯುತ್ತದೆ, ಮೂವತ್ತೆಂಟು ಉಳಿಯುತ್ತದೆ, ಟೈ ಮುಂದೆ ಮುಖ ಉಳಿಯುತ್ತದೆ. ಕೆಂಡ ತಂತಿಯನ್ನು ಮತ್ತೆ ಬಿಗಿದು ಮುಚ್ಚಳ ಹಾಕಿದ. ಅಲ್ಲಿಂದ ನೋಡಿದರೆ ಇಡೀ ಪ್ಲಾಂಟು ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ನೆತ್ತಿಯ ಮೇಲಿನ ಉಳಿದ ಸೆನ್ಸರುಗಳ ತಲೆಗಳೂ ಕಾಣುತ್ತಿದ್ದವು. ಪ್ರೆಶರ್, ಲೆವೆಲ್, ಆವಿಯ ಕೊಳವೆಯ ತಾಪಮಾನ. ಅವುಗಳಲ್ಲಿ ಯಾವುದು ಯಾರ ಹೆಸರಿನಲ್ಲಿ ಮಾತಾಡುತ್ತಿದೆಯೋ. ಎಲ್ಲದರ ಮೇಲೂ ಬಿಸಿಲು ಬಿದ್ದು ಸುಳಿವು ಕೊಡುವುದಿಲ್ಲ.

"ಒಂದಲ್ಲ ಅಕ್ಕಾ," ಅಂದ. "ಹನ್ನೆರಡಿವೆ."

ವಾಕಿಟಾಕಿಯಲ್ಲಿ ಅಕ್ಕನ ಕುರ್ಚಿ ಕಿರುಗುಟ್ಟಿತು.

"ಇಳಿದು ಬಾ," ಅಂದಳು. "ಮೆಟ್ಟಿಲು ನೋಡಿ ಇಳಿ."

ಕಂಟ್ರೋಲ್ ರೂಮಿಗೆ ಅವನು ಹೊಕ್ಕಾಗ ಮೇಡಂ ಸ್ಟಾರ್ಟ್ ಹಾಳೆಯನ್ನು ಮೇಜಿನ ಮೇಲೆ ಹರಡಿ ಪೆನ್ನಿನ ಮುಚ್ಚಳ ತೆಗೆದಿದ್ದರು. ಕೆಂಡ ಮೇಜಿನ ಈಚೆ ನಿಂತು, ನೀರು ಕುಡಿಯದೆ, ಬೆಲ್ಟು ಬಿಚ್ಚದೆ, ಒಂದೇ ಉಸಿರಿಗೆ ಹೇಳಿದ. ಎ, ಬಿ ಅದಲು ಬದಲಾಗಿವೆ. ಆ ದಿನ ಹನ್ನೆರಡು ಲೂಪನ್ನು ತಾನು ಮೇಲಿಂದ ನೋಡಲಿಲ್ಲ, ಬಾಕ್ಸಿನಿಂದ ನೋಡಿ ಸಹಿ ಹಾಕಿದೆ. ಅಕ್ಕ ಕೇಳಿದಾಗ ಸುಳ್ಳು ಹೇಳಿದೆ. ಅವಳ ತಪ್ಪಿಲ್ಲ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಆ ಟಿಕ್ ಸದ್ದು ಇಡೀ ರೂಮಿಗೆ ಕೇಳಿಸಿತು.

"ಯಾಕೆ?"

"ಬೋರ್ಡಿಗೆ, ಮೇಡಂ."

ಎಲ್ಲರೂ ಗೋಡೆಯ ಬೋರ್ಡನ್ನು ನೋಡಿದರು. ಮೂವತ್ತೆಂಟು ಇನ್ನೂ ಅಳಿಸಿರಲಿಲ್ಲ, ಯಾರೋ ಅದರ ಸುತ್ತ ಹೂವು ಬೇರೆ ಬರೆದಿದ್ದರು.

"ಪ್ಯಾನೆಲ್ ಅಂಗಡಿಯಲ್ಲಿ ಸ್ಕ್ರೀನು ಸುಳ್ಳು ಹೇಳುತ್ತೆ ಅಂತ ಎರಡು ದಿನ ನಮ್ಮನ್ನ ಕೂರಿಸಿದೋನು ನೀನು," ಅಂದರು ಮೇಡಂ. ದನಿ ಏರಲಿಲ್ಲ, ಅದೇ ಭಯಂಕರ. "ಇಲ್ಲಿ ನೀನೇ ಆ ಸ್ಕ್ರೀನಾದೆ."

ಕೆಂಡನ ಕಿವಿ ಕೆಂಪಾಯಿತು, ಆದರೆ ಊದಿದವರು ಯಾರೂ ಇರಲಿಲ್ಲ. ಆಗ ಮೂಲೆಯಿಂದ ಯಾರೋ ಕೆಮ್ಮಿದರು. ಟೈ. ಕೊರಳಪಟ್ಟಿಯ ಗಂಟನ್ನು ಸಡಿಲ ಮಾಡುತ್ತ ಎರಡು ಹೆಜ್ಜೆ ಮುಂದೆ ಬಂದ.

"ಮೇಡಂ, ನನ್ನವೂ ಏಳಿವೆ."

"ಏನು ಏಳು?"

"ಬಾಕ್ಸಿಂದ ನೋಡಿದ್ದು. ಮೂವತ್ತೆಂಟು ನೋಡಿದ ಮಾರನೇ ದಿನ." ನೆಲ ನೋಡುತ್ತ ಸೇರಿಸಿದ: "ಇವನಷ್ಟು ಬೇಗ ಆಗಲಿಲ್ಲ. ಏಳೇ ಆಗಿದ್ದು."

ಅಕ್ಕನಿಗೆ ತಡೆಯಲಾಗಲಿಲ್ಲ. ಕುರ್ಚಿಯಲ್ಲೇ ಬಾಯಿಗೆ ಕೈಹಿಡಿದು ಬಾಗಿದಳು. ಮೇಡಂ ಒಂದು ನೋಟ ಬೀರಿದರು. ನಗು ನಿಂತಿತು.

ಅವರು ಎದ್ದು ಬೋರ್ಡಿನ ಬಳಿ ಹೋಗಿ ಅಂಗೈಯಿಂದಲೇ ಎಲ್ಲ ಅಂಕಿಗಳನ್ನೂ ಒರೆಸಿ ಹಾಕಿದರು. ಅಂಗೈ ನೀಲಿಯಾಯಿತು. ಫೈಲಿನಿಂದ ಹತ್ತೊಂಬತ್ತು ಹಾಳೆ ಎಳೆದು, ಒಂದೊಂದರ ಮೇಲೂ ಸಹಿಗೆ ಅಡ್ಡಗೆರೆ ಹೊಡೆದರು. ಹನ್ನೆರಡು ಬಾಲ ಒಂದಾದ ಮೇಲೊಂದು ಕತ್ತರಿಸಿ ಬಿದ್ದವು. ಕೆಂಡ ಕಣ್ಣು ಕೀಳದೆ ನೋಡಿದ. ಏಟು ತಿಂದರೂ ಇಷ್ಟು ನೋಯುತ್ತಿರಲಿಲ್ಲ.

"ಇವನ ಹನ್ನೆರಡನ್ನ ನೀನು ನೋಡು," ಅಂದರು ಟೈಗೆ. "ನಿನ್ನ ಏಳನ್ನ ಅವನು. ಮೇಲಿಂದ. ಇನ್ನು ಮುಂದೆ ಈ ಪ್ಲಾಂಟಲ್ಲಿ ನಿಮ್ಮಿಬ್ಬರಲ್ಲಿ ಯಾರ ಸಹಿಯೂ ಒಂಟಿಯಾಗಿ ನಡೆಯಲ್ಲ, ಎರಡಿದ್ರೆ ಮಾತ್ರ ಹಾಳೆ ಫೈಲಿಗೆ. ಮೂರು ಗಂಟೆಗೆ ಸರಕು ಹಾಕ್ತೀನಿ. ಆಗಲಿಲ್ಲ ಅಂದ್ರೆ ನಾಳೆ. ಅವಸರ ಮಾಡಿ ಯಾರಾದ್ರೂ ಬಿದ್ರೆ ನಾನೇ ಹಿಡಿದು ಇನ್ನೊಂದು ಸಲ ತಳ್ತೀನಿ."

ಆಮೇಲೆ ನಡೆದದ್ದನ್ನು ಆ ಕಾರ್ಖಾನೆಯವರು ಈಗಲೂ ಹೇಳಿಕೊಂಡು ನಗುತ್ತಾರೆ. ಟೈ ಬಿಚ್ಚಿ ಬೆಲ್ಟು ಬಿಗಿದುಕೊಂಡ ಎಂಜಿನಿಯರು ಏಣಿಯ ಅರ್ಧಕ್ಕೆ ನಿಂತು ಕಣ್ಣು ಮುಚ್ಚಿಕೊಂಡ.

"ಕೆಳಗೆ ನೋಡಬೇಡಿ ಸಾರ್," ಅಂದ ಕೆಂಡ ಅವನ ಕೆಳಗಿನ ಮೆಟ್ಟಿಲಿನಿಂದ. "ಓದಿದೋರ ವೇಗ ಬೇರೆ ಅಲ್ವಾ, ಹತ್ತಿ."

"ಬಾಯಿ ಮುಚ್ಚೋ," ಅಂದ ಟೈ, ಇನ್ನೂ ಕಣ್ಣು ಮುಚ್ಚಿಯೇ. ಆದರೂ ಹತ್ತಿದ.

ಮೊದಲು ಬಾಕ್ಸಿನಲ್ಲಿ ನಾಲ್ಕು ಸ್ಕ್ರೂ ಬಿಚ್ಚಿ ಎ, ಬಿ ಜೋಡಿಗಳನ್ನು ಸರಿಯಾಗಿ ಕಟ್ಟಿ, ಚೀಟಿಗಳನ್ನು ಬದಲಿಸಿದ್ದರು. ಈಗ ಮೇಲಿಂದ ಒಂದೊಂದಾಗಿ ಪರೀಕ್ಷೆ. ತಂತಿ ಎತ್ತು, ಹಾರ್ನ್ ಕೇಳು, ಯಾವುದು ಗುಲಾಬಿಯಾಯಿತು ಕೇಳು. ಕರೆಂಟು ಕೊಡು, ನಾಲ್ಕು, ಹನ್ನೆರಡು, ಇಪ್ಪತ್ತು. ತಂತಿ ಬಿಗಿ, ಮುಚ್ಚಳ ಹಾಕು, ಮುಂದಿನದು. ಹತ್ತೊಂಬತ್ತರಲ್ಲಿ ಹದಿನೇಳು ಸರಿಯಿದ್ದವು. ತಪ್ಪಿದ್ದು ಆ ಎರಡೇ, ಎ ಮತ್ತು ಬಿ. ಕೊನೆಯದನ್ನು ಮುಗಿಸಿದಾಗ ಎರಡೂಕಾಲು. ಊಟ ಯಾರಿಗೂ ನೆನಪಿರಲಿಲ್ಲ.

ಕೆಳಗೆ ಮೇಜಿನ ಮೇಲೆ ಟೈ ಮೊದಲು ಸಹಿ ಹಾಕಿದ, ನೆಟ್ಟಗೆ, ಚಿಕ್ಕದಾಗಿ. ಪೆನ್ನನ್ನು ಕೆಂಡನ ಕಡೆ ತಳ್ಳಿದ. ಅದರ ಪಕ್ಕದಲ್ಲೇ ಕೆಂಡ ಹಾಕಿದ. ಬಾಲ ಟೈನ ಖಾನೆಯೊಳಗೆ ಸ್ವಲ್ಪ ನುಗ್ಗಿತು.

"ಬಾಲ ಮಡಚಿಕೊಳ್ಳೋ," ಅಂದ ಟೈ.

"ಇದು ಮನೆತನದ್ದು ಸಾರ್, ಮಡಚಕ್ಕಾಗಲ್ಲ."

ಮೂರಕ್ಕೆ ಐದು ನಿಮಿಷವಿರುವಾಗ ಮೇಡಂ ನೀಲಿ ಅಂಗೈಯಿಂದಲೇ ಸ್ಟಾರ್ಟ್ ಹಾಳೆಗೆ ಸಹಿ ಹಾಕಿದರು. ಕೆಂಡ ಕಂಟ್ರೋಲ್ ರೂಮಿನಲ್ಲಿ ನಿಲ್ಲಲಿಲ್ಲ. ಸರಕು ಬೀಳುವಾಗ ಎ ಕೆಟಲ್ಲಿನ ಏಣಿಯ ಮಧ್ಯದ ಕಟ್ಟೆಯ ಮೇಲಿದ್ದ, ಪರ್ಮಿಟ್ಟು ಜೇಬಿನಲ್ಲಿ. ಒಳಗೆ ಕಲಕುವ ರೆಕ್ಕೆ ತಿರುಗತೊಡಗಿ ಕಾಲಡಿಯ ಉಕ್ಕು ಗುಂಯ್ ಎಂದಿತು. ಎಣ್ಣೆಯ ಕೊಳವೆ ಹಿಗ್ಗುತ್ತ ಟಕ್ ಟಕ್ ಅಂದಿತು. ಯಂತ್ರ ಉಸಿರೆಳೆದುಕೊಂಡಿತು. ಅವನ ಮೈಯೆಲ್ಲ ಜುಂ ಎಂದಿತು.

"ಫೀಲ್ಡ್, ಎ ಮೂವತ್ತೊಂದು," ಅಂದಳು ಅಕ್ಕ ವಾಕಿಟಾಕಿಯಲ್ಲಿ. "ಬಿ ಇಪ್ಪತ್ತೆಂಟು, ಅಲ್ಲಾಡ್ತಿಲ್ಲ."

ಕೆಂಡ ಎ ಕೆಟಲ್ಲಿನ ಜಾಕೆಟ್ಟಿನಿಂದ ಹೊರಬರುವ ಎಣ್ಣೆಯ ಕೊಳವೆಯ ಹತ್ತಿರ ಅಂಗೈ ಒಡ್ಡಿದ. ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಇರಲಿಲ್ಲ. "ಎ ಬಿಸಿಯಾಗ್ತಿದೆ. ನಿಜವಾಗಿ."

"ಎ ಮೂವತ್ತಾರು. ನಲವತ್ತು. ನಲವತ್ತೈದು." ಅವಳ ದನಿಯೂ ಏರುತ್ತಿತ್ತು, ಕಂಟ್ರೋಲ್ ರೂಮಿನಲ್ಲಿ ಯಾರೋ ಚಪ್ಪಾಳೆ ತಟ್ಟುವುದು ಹಿಂದಿನಿಂದ ಕೇಳಿಸಿತು. ಆಮೇಲೆ ಕೇಳಿದಳು: "ಎಲ್ಲಿದೀಯ ನೀನು?"

"ಮೇಲೆ."

"ಗೊತ್ತು," ಅಂದಳು ಅಕ್ಕ. "ಗಾಳಿ ಕೇಳಿಸ್ತಿದೆ. ಎ ಐವತ್ತು."